ಗುಲಾಬಿ ಹಾಲು ಬ್ಯಾಡ, ಕೆಮ್ಮಣ್ಣಿನ ಬಣ್ಣ ಹಿಡೀರಿ

ಇವತ್ತ ಅಡಗಿ ಮಾತಿಲ್ರಿ, ಜಗಳಾ ತಗಿಯೂದದ. ಒಂದ ಬಣ್ಣದ ಕಡ್ಡಿ ತಗೊಂಡು ತುಟಿಗೆ, ಗಲ್ಲಕ್ಕ, ಕಣ್ಣರೆಪ್ಪಿಗೆ ಹಚ್ಚಿ, ಐದು ನಿಮಿಷದಾಗ ಮುಖ ಚೊಕ್ಕ ಮಾಡಿಕೊಳ್ಳೂದು ಈಗ ಎಲ್ಲಾರ ಮೊಬೈಲಿನ್ಯಾಗೂ ಬರತದ. ನಮ್ಮ ಮನಿ ಹೆಣ್ಣುಮಕ್ಕಳೂ ಒಂದೊಂದು ಕಡ್ಡಿ ತಂದು ಹಚ್ಚಿ ನೋಡ್ಯಾರ. ನೋಡಿದವರೊಳಗ ಅರ್ಧಾ ಮಂದಿ "ನಮ್ಮ ಮುಖಕ್ಕ ಇದು ಒಪ್ಪಂಗಿಲ್ಲ ಬಿಡ್ರಿ" ಅಂತ ಕಡ್ಡಿ ಕಪಾಟಿನ್ಯಾಗ ಒಗದು ಸುಮ್ಮನಾಗ್ಯಾರ. ನನ್ನ ಜಗಳಾ ಈ "ಒಪ್ಪಂಗಿಲ್ಲ" ಅನ್ನೂ ಮಾತಿನ ಜೋಡಿ. ತಪ್ಪು ಮುಖದ್ದಲ್ಲ, ಕೈಯಾಗ ಕೊಟ್ಟ ಬಣ್ಣದ್ದು.

ಅಂಗಡಿಗೆ ಹೋಗಿ "ಹಗುರ ಬಣ್ಣ ಕೊಡ್ರಿ, ಭಾಳ ಕಾಣಬಾರದು" ಅಂತೀವಿ. ಅವರು ತಿಳಿಗುಲಾಬಿ ತಗದು ಮುಂದ ಇಡತಾರ. ಮನ್ಯಾಗ ಅತ್ತಿ, ಅವ್ವ ಸುದ್ದಾ ಅದನ್ನ ಒಪ್ಪತಾರ, ಯಾಕಂದ್ರ "ಕಪ್ಪಿದ್ದವರು ಗಾಢ ಬಣ್ಣ ಹಚ್ಚಬಾರದು" ಅಂತ ನಮ್ಮ ಕಡೆ ಒಂದು ಮಾತು ಮೊದಲಿಂದ ನಡಕೋತ ಬಂದದ. ಆ ಮಾತು ಕೇಳಿ ಎಣ್ಣಿಗಪ್ಪು ಬಣ್ಣದಾಕಿ ತಿಳಿಗುಲಾಬಿ ಹಚ್ಚಿಕೊಂಡ್ರ ಏನಾಗತದ ಅನ್ನೂದು ಎಲ್ಲಾರಿಗೂ ಗೊತ್ತದ. ಗಲ್ಲದ ಮ್ಯಾಲೆ ವಿಭೂತಿ ಬಡಿದಂಗ, ತುಟಿ ಜ್ವರದಾಗ ಒಣಗಿದಂಗ ಕಾಣತದ. ರೆಪ್ಪಿ ಮ್ಯಾಲಂತೂ ಬೂದಿ ಕೂತಂಗ. ಆಮ್ಯಾಲೆ ಅದೇ ಮಂದಿ "ನೋಡ್ರಿ, ಹೇಳಿರಲಿಲ್ಲೇನು, ಆಕಿಗೆ ಬಣ್ಣ ಒಪ್ಪಂಗಿಲ್ಲ" ಅಂತಾರ.

ಬೂದಿ ಎಲ್ಲಿಂದ ಬಂತು ಅನ್ನೂದು ತಿಳಕೊಂಡ್ರ ಈ ಜಗಳಾ ಅಲ್ಲೇ ಮುಗೀತದ. ಲಿಪ್‌ಸ್ಟಿಕ್ ಅಂದ್ರ ಮೇಣ, ಎಣ್ಣಿ, ಅದರೊಳಗ ಕಲಿಸಿದ ಬಣ್ಣದ ಪುಡಿ. ಕೆಂಪನ್ನ ತಿಳಿಗುಲಾಬಿ ಮಾಡಬೇಕಂದ್ರ ಅದಕ್ಕ ಬಿಳಿ ಪುಡಿ ಕಲಿಸತಾರ. ಆ ಬಿಳಿ ಪುಡಿ ಹೆಸರು ಟೈಟಾನಿಯಂ ಡೈಆಕ್ಸೈಡ್. ಗ್ವಾಡಿಗೆ ಹಚ್ಚೂ ಬಿಳಿ ಪೇಂಟಿನ್ಯಾಗೂ ಇರೂದು ಅದೇ. ಅದರ ಕೆಲಸಾನ ಕೆಳಗಿದ್ದದ್ದನ್ನ ಮುಚ್ಚೂದು. ಸ್ಟೀಲ್ ಲೋಟಾದಾಗ ಗುಲಾಬಿ ಶರಬತ್ತನ್ನ ನೀರಿನ್ಯಾಗ ಮಾಡಿದ್ರ ಲೋಟಾದ ತಳ ಕಾಣತದ, ಹಾಲಿನ್ಯಾಗ ಮಾಡಿದ್ರ ಕಾಣಂಗಿಲ್ಲ. ತಿಳಿಗುಲಾಬಿ ಲಿಪ್‌ಸ್ಟಿಕ್ ಅಂದ್ರ ಹಾಲು ಹಾಕಿದ ಶರಬತ್ತು. ನಸುಬಿಳಿ ಮುಖದ ಮ್ಯಾಲೆ ಅದು ಗುಲಾಬಿಯಾಗೇ ಕಾಣತದ, ಕೆಳಗಿನ ಚರ್ಮಾನೂ ಬಿಳೇದ ಇರತದಲ್ಲ. ನಮ್ಮ ಗೋಧಿ ಬಣ್ಣ, ಕಂದು ಬಣ್ಣದ ಚರ್ಮದ ಮ್ಯಾಲೆ ಅದನ್ನ ತೆಳ್ಳಗ ತಿಕ್ಕಿದ್ರ ಗುಲಾಬಿ ಹಿಂದ ಸರಿದು ಬಿಳಿ ಅಷ್ಟ ಮುಂದ ಬರತದ. ಕಂದಿನ ಮ್ಯಾಲೆ ಬಿಳಿ ತೆಳ್ಳಗ ಕೂತ್ರ ಕಣ್ಣಿಗೆ ಬೂದಿ ಬಣ್ಣ ಕಾಣತದ. ಇಷ್ಟ ವಿಷಯ.

ಅಂದಮ್ಯಾಲೆ ನಮಗ ಬೇಕಾದದ್ದು ಹಗುರ ಬಣ್ಣ ಅಲ್ಲ, ಬಿಳಿ ಕಡಿಮಿ ಇರೂ ಬಣ್ಣ. ಕಡ್ಡಿಯೊಳಗ ಗಾಢ ಇದ್ದದ್ದನ್ನ ಬೆರಳಿಲೆ ತೆಳ್ಳಗ ಮಾಡಿಕೊಂಡ್ರ ಅದು ಹಗುರ ಆಗತದ, ಕೆಳಗಿನ ಚರ್ಮಾನೂ ಕಾಣತದ. ಮುಖಕ್ಕ ರಕ್ತ ಏರಿದಂಗ ಕಾಣೂದು ಹಿಂಗ. ಬಣ್ಣದ ಹೆಸರು ಹೇಳಬೇಕಂದ್ರ ಇಟ್ಟಂಗಿ ಬಣ್ಣ, ಕೆಮ್ಮಣ್ಣಿನ ಬಣ್ಣ, ಬ್ಯಾಡಗಿ ಮೆಣಸಿನಕಾಯಿ ಸಿಪ್ಪಿ ಬಣ್ಣ. ಭಾಳ ಎಣ್ಣಿಗಪ್ಪು ಇದ್ದವರಿಗೆ ನೇರಳೆ ಹಣ್ಣು ಹಿಂಡಿದಂಥಾ ಕೆಂಗಪ್ಪೂ ಛಲೋ. ಕಡ್ಡಿ ನೋಡಿದ್ರ "ಅಯ್ಯ, ಇಷ್ಟ ಗಾಢ ಯಾರು ಹಚ್ಚತಾರ" ಅನಸತದ. ಅನಸಲಿ. ಮಸಾಲಿ ಡಬ್ಬಿಯೊಳಗಿನ ಖಾರಪುಡಿ ನೋಡಿ ಪಲ್ಯಾದ ರುಚಿ ಹೇಳಲಿಕ್ಕಾಗಂಗಿಲ್ಲ, ಎಷ್ಟು ಹಾಕತೀವಿ ಅನ್ನೂದರ ಮ್ಯಾಲೆ ಅದ.

ಅಂಗಡಿಯೊಳಗ ನೋಡೂ ಕ್ರಮ ಒಂದದ, ಅದನ್ನ ಬಿಡಬ್ಯಾಡ್ರಿ. ತೋರಸಲಿಕ್ಕಿಟ್ಟ ಕಡ್ಡಿ ತುಟಿಗೆ ಹಚ್ಚಬ್ಯಾಡ್ರಿ, ಹತ್ತು ಮಂದಿ ಮುಟ್ಟಿರತಾರ. ಮಣಿಕಟ್ಟಿನ ಒಳಗಿನ ಕಡೆ ಒಂದು ಗೀಟು ಹಾಕಿ, ಬೆರಳಿಲೆ ಎರಡು ಇಂಚು ಉದ್ದಕ್ಕ ಎಳದು ಪೂರ್ತಿ ತೆಳ್ಳಗ ಮಾಡ್ರಿ. ಟ್ಯೂಬ್‌ಲೈಟಿನ್ಯಾಗ ನೋಡಬ್ಯಾಡ್ರಿ, ಅಂಗಡಿ ಬಾಗಲಕ್ಕ ಬಂದು ಹಗಲಬೆಳಕಿನ್ಯಾಗ ನೋಡ್ರಿ. ತೆಳ್ಳಗ ಆದ ತುದಿಯೊಳಗ ಬಿಳಿ ಪೊರಿ ಕೂತಂಗ, ಬೂದಿ ಸವರಿದಂಗ ಕಂಡ್ರ ಅದನ್ನ ವಾಪಸ್ ಕೊಡ್ರಿ. ಚರ್ಮ ಕಾಣತದ, ಸ್ವಲ್ಪ ಕೆಂಪೇರಿದಂಗ ಅಷ್ಟ ಅನಸಿದ್ರ ಅದು ನಿಮ್ಮ ಬಣ್ಣ. ಡಬ್ಬಿ ಹಿಂದಿನ ಪಟ್ಟಿಯೊಳಗ ಈ ಬಿಳಿ ಪುಡಿಗೆ ಸಿ.ಐ. 77891 ಅನ್ನೂ ನಂಬರ್ ಇರತದ. ಖರೇ ಅಂದ್ರ ಗಾಢ ಬಣ್ಣದಾಗೂ ಅದು ಚೂರು ಇರತದ, ಮತ್ತ ಎಷ್ಟದ ಅನ್ನೂದನ್ನ ಪಟ್ಟಿ ಹೇಳಂಗಿಲ್ಲ. ಅದಕ್ಕ ಈ ವಿಷಯದಾಗ ನಂಬರಿನಕಿಂತ ಮಣಿಕಟ್ಟನ್ನ ನಂಬ್ರಿ.

ಕಡ್ಡಿಯ ಜಾತೀನೂ ನೋಡಬೇಕು. ಸೀಸೆಯೊಳಗ ದ್ರವ ಇರತದ, ಹಚ್ಚಿದ ಒಂದ ನಿಮಿಷದಾಗ ಒಣಗಿ ಗಟ್ಟಿ ಕೂಡತದ, ಚಾ ಕುಡದ್ರೂ ಹೋಗಂಗಿಲ್ಲ ಅಂತಾರಲ್ಲ, ಅದು ತುಟಿಗೆ ಅಷ್ಟ. ಗಲ್ಲಕ್ಕ ಹಚ್ಚಿದ್ರ ನೀವು ತಿಕ್ಕೂದರೊಳಗ ಒಣಗಿ ಕಲಿಯಾಗಿ ಕೂಡತದ. ಪಳಪಳ ಅಂಟಂಟು ಇರೂ ಗ್ಲಾಸ್ ಬ್ಯಾಡ, ಕೂದಲಾ ಎಲ್ಲಾ ಗಲ್ಲಕ್ಕ ಹತ್ತತಾವ. ಬೆರಳಿಲೆ ಮುಟ್ಟಿದ್ರ ಬೆಣ್ಣಿಯಂಗ ಬರೂ, ಆದ್ರ ಹೊಳಪು ಕಡಿಮಿ ಇರೂ ಕ್ರೀಮ್ ಕಡ್ಡಿ ತಗೋರಿ.

ಈಗ ನಮ್ಮ ಓಣಿ ವೈನಿ ಒಬ್ಬರ ಮುಖ ತಗೊಂಡು ಹೇಳತೀನಿ. ವಯಸ್ಸು ನಲವತ್ತಾರು, ಎಣ್ಣಿಗಪ್ಪು ಬಣ್ಣ, ತುಟಿ ಸ್ವಲ್ಪ ಕಪ್ಪು, ಕಣ್ಣಿನ ಕೆಳಗ ನೆರಳು. ಅವರ ಅಕ್ಕನ ಮಗಳು ಪ್ರೀತಿಲೆ ಒಂದು ತಿಳಿಗುಲಾಬಿ ಕಡ್ಡಿ ಕೊಟ್ಟಿದ್ದಳು. ಹಚ್ಚಿಕೊಂಡಾಗ "ನಾ ಏನು ನಾಟಕಕ್ಕ ಹೊಂಟೇನಿ" ಅಂತ ಅವರ ಒರಸಿಕೊಂಡ್ರು. ಮುಂದ ಒಂದು ಉಡಿ ತುಂಬೂ ಕಾರ್ಯಕ್ಕ ಹೋಗೂ ದಿನ ಇಟ್ಟಂಗಿ ಬಣ್ಣದ ಕಡ್ಡಿ ಹಿಡದು ಕೂತ್ವಿ.

ವೈನಿ ನಮ್ಮೆಲ್ಲಾರಂಗ ಮೊದಲ ಪೌಡರ್ ಡಬ್ಬಿಗೆ ಕೈ ಹಾಕಿದ್ರು. ಅದನ್ನ ನಾ ಹಿಡದು ನಿಲ್ಲಿಸಿದೆ. ಪೌಡರ್ ಮ್ಯಾಲೆ ಕ್ರೀಮ್ ಬಣ್ಣ ತಿಕ್ಕಿದ್ರ ಎಣ್ಣಿ ಪುಡಿ ಕೂಡಿ ಹಿಟ್ಟಿನ ಗಂಟಿನಂಗ ಉಂಡಿ ಆಗತದ, ಗಲ್ಲದ ಮ್ಯಾಲೆ ಚುಕ್ಕಿ ಚುಕ್ಕಿ ನಿಲ್ಲತದ. ಮೊದಲ ಎಣ್ಣಿದು, ಕಡೀಕ ಪುಡಿದು, ಈ ಕ್ರಮ ತಿರವಬಾರದು. ಮುಖ ತೊಳದು, ದಿನಾ ಹಚ್ಚೂ ಕ್ರೀಮ್ ತೆಳ್ಳಗ ಹಚ್ಚಿದ್ರು. ಅದು ಒಳಗ ಇಳೀಲಿಕ್ಕೆ ಐದು ನಿಮಿಷ ಬೇಕು, ಅಷ್ಟರಾಗ ಅವರು ಸೀರಿ ನಿರಿಗಿ ಹಿಡದ್ರು. ಬಿಸಿಲಿನ ಕ್ರೀಮ್ ಹಚ್ಚೂ ರೂಢಿ ಇದ್ದವರು ಅದನ್ನೂ ಈಗ ಹಚ್ಚಿಕೋರಿ, ಆದ್ರ ಕೆಲವು ಬಿಸಿಲಿನ ಕ್ರೀಮೂ ಮುಖ ಬೆಳ್ಳಗ ಮಾಡತಾವ. ಬಣ್ಣ ಹಚ್ಚೂಕಿಂತ ಮೊದಲ ಕನ್ನಡಿ ನೋಡ್ರಿ. ಆಗಲೇ ಬೂದಿ ಕಂಡ್ರ ತಪ್ಪು ಕಡ್ಡೀದಲ್ಲ, ಕ್ರೀಮಿಂದು.

ಮೊದಲ ತುಟಿ. ಕಡ್ಡೀಲೆ ಒಂದ ಸಲ ಮ್ಯಾಲೆ, ಒಂದ ಸಲ ಕೆಳಗ ಹಚ್ಚಿ, ಬೆರಳಿಲೆ ಒತ್ತಿದ್ವಿ. ಅಂಚು ಕಡದು ಬರದಂಗ ಇರಬಾರದು, ಎಲಿ ಅಡಕಿ ಹಾಕಿದ ತುಟಿಯಂಗ ತಾನ ಕೆಂಪಾದಂಗ ಇರಬೇಕು. ವೈನಿ ತುಟಿ ಕಪ್ಪದ, ಅದಕ್ಕ ಅಲ್ಲಿ ಅದೇ ಬಣ್ಣ ಗಾಢ ಕಂಡಿತು. ಕಾಣಲಿ, ಅದು ಛಲೋನ. ಒಂದ ಬಣ್ಣ ಅಂದ್ರ ಮೂರೂ ಕಡೆ ಒಂದ ಸಮ ಕಾಣಬೇಕು ಅಂತಲ್ಲ. ತುಟಿಗೆ ಜಾಸ್ತಿ, ಗಲ್ಲಕ್ಕ ಅದಕಿಂತ ಕಡಿಮಿ, ರೆಪ್ಪಿಗೆ ಉಳದದ್ದು.

ಆಮ್ಯಾಲೆ ಗಲ್ಲ. ಕಡ್ಡಿ ನೇರ ಗಲ್ಲಕ್ಕ ಹಚ್ಚಿದ್ರ ಭಾಳ ಬೀಳತದ, ತಿಕ್ಕೂದರಾಗ ಕೆಳಗಿನ ಕ್ರೀಮೂ ಎದ್ದು ಬರತದ. ಸಾಸಿವಿ ಕಾಳಿನಷ್ಟು ಬಣ್ಣ ಬೆರಳಿಗೆ ತಗೊಂಡು, ಹಿಂಗೈ ಮ್ಯಾಲೆ ಒಮ್ಮೆ ತಿಕ್ಕಿ, ಆ ಬೆರಳಿಲೆ ಗಲ್ಲಕ್ಕ ತಟ್ಟಿದ್ವಿ. ತಿಕ್ಕೂದಲ್ರಿ, ತಟ್ಟೂದು. ಜಾಗಾನೂ ಗೊತ್ತಿರಬೇಕು. ನಗಿಸಿ, ಉಬ್ಬಿದ ಗಲ್ಲಕ್ಕ ಹಚ್ಚ್ರಿ ಅಂತ ಹೇಳೂದು ಇಪ್ಪತ್ತರ ಹುಡಿಗ್ಯಾರಿಗೆ ನಡೀತದ. ನಲವತ್ತು ದಾಟಿದವರು ನಕ್ಕು ಹಚ್ಚಿಕೊಂಡು ಆಮ್ಯಾಲೆ ಮುಖ ಸಡಿಲ ಬಿಟ್ಟ್ರ, ಬಣ್ಣ ಮೂಗಿನ ಪಕ್ಕಕ್ಕ ಇಳದು ಬರತದ, ದಣದಂಗ ಕಾಣತದ. ಅದಕ್ಕ ವೈನಿಯವರನ್ನ ನಗಸಲಿಲ್ಲ. ಕಣ್ಣಗುಡ್ಡಿ ನೇರಕ್ಕ ಕೆಳಗ ಶುರು ಮಾಡಿ, ಗಲ್ಲದ ಎಲಬಿನ ಮ್ಯಾಲೆ ಕಿವಿ ಕಡೆ ಹೋದ್ವಿ. ಮೂಗಿನ ತುದಿಕಿಂತ ಕೆಳಗ ಇಳೀಲಿಲ್ಲ.

ಕಡೀಕ ರೆಪ್ಪಿ. ಹೊಸಾ ಬಣ್ಣ ತಗೊಳ್ಳಲಿಲ್ಲ. ಉಂಗುರ ಬೆರಳು ತೊಳದು ಒರಸಿ, ಹಿಂಗೈ ಮ್ಯಾಲೆ ಉಳದದ್ದನ್ನ ಮುಟ್ಟಿ ರೆಪ್ಪಿ ನಡುಕ ಎರಡು ಸಲ ಒತ್ತಿದ್ವಿ ಅಷ್ಟ. ರೆಪ್ಪಿಗೂದಲಿನ ಬುಡದ ತನಕ ಕೆಂಪು ತಂದ್ರ ಕಣ್ಣು ಬ್ಯಾನಿ ಬಂದಂಗ, ರಾತ್ರಿಯೆಲ್ಲಾ ಅತ್ತಂಗ ಕಾಣತದ. ಬುಡದಾಗ ಒಂದು ಕಾಡಿಗಿ ಗೀಟು ಎಳದ್ರ ಕಣ್ಣಿಗೂ ಕೆಂಪಿಗೂ ನಡುಕ ಗಡಿ ಬೀಳತದ, ಆ ಭಾವನಾ ಹೋಗತದ. ಕಣ್ಣಿನ ಕೆಳಗ ಮಾತ್ರ ಈ ಬಣ್ಣ ಬ್ಯಾಡ. ಆಮ್ಯಾಲೆ ಪೌಡರ್ ಚಿಟಿಕಿಯಷ್ಟು, ಹಣಿ ಮೂಗಿಗೆ ಮತ್ತ ರೆಪ್ಪಿ ಮಡಿಕಿಗೆ. ರೆಪ್ಪಿಗೆ ಪೌಡರ್ ಮುಟ್ಟಸದ ಹೋದ್ರ ತಾಸಿನೊಳಗ ಎಣ್ಣಿ ಬಣ್ಣ ಮಡಿಕಿಯೊಳಗ ಸೇರಿ ಗೀಟಾಗಿ ಕೂಡತದ. ಕ್ರೀಮ್ ಇಳಿಯೂ ಹೊತ್ತು ಬಿಟ್ರ ನಾಲ್ಕು ನಿಮಿಷ ಹಿಡೀತು. ಕಾರ್ಯದಾಗ ಇಬ್ಬರು "ವೈನಿ, ಊರಿಗೆ ಹೋಗಿ ಬಂದ್ರೇನು, ಮುಖ ಛಲೋ ಆಗ್ಯದ" ಅಂದ್ರಂತ. ಬಣ್ಣದ ಮಾತು ಯಾರೂ ಎತ್ತಲಿಲ್ಲ.

ಈಗ ನನ್ನ ಎರಡನೇ ಜಗಳಾ. ಮೊಬೈಲಿನ್ಯಾಗ ಹೇಳಿಕೊಡೂವರು "ಯಾವ ಲಿಪ್‌ಸ್ಟಿಕ್ ಇದ್ರೂ ರೆಪ್ಪಿಗೆ ನಡೀತದ" ಅಂತ ನಕ್ಕೋತ ಹೇಳತಾರ. ನಡಿಯಂಗಿಲ್ಲ. ತುಟಿಗೆ ಒಪ್ಪಿದ ಬಣ್ಣ ಎಲ್ಲಾ ಕಣ್ಣಿಗೆ ಒಪ್ಪಿದ್ದಲ್ಲ. ಲಿಪ್‌ಸ್ಟಿಕ್‌ನ್ಯಾಗ ಎಲ್ಲಾಕಡೆ ಸಿಗೂ ಕೆಂಪು ಬಣ್ಣ ಒಂದದ, ಪಟ್ಟಿಯೊಳಗ ಸಿ.ಐ. 15850 ಅಂತ ಬರೀತಾರ. ಇನ್ನೊಂದು 45410, ತುಟಿಗೆ ಕಲಿಯಂಗ ಹತ್ತಿಕೊಳ್ಳೂ ಗುಲಾಬಿಗೆಂಪು. ಇವೆರಡನ್ನೂ ಅಮೆರಿಕಾದ ಎಫ್‌ಡಿಎ ತುಟಿಗೆ ಒಪ್ಪ್ಯದ, ಕಣ್ಣಿನ ಸುತ್ತ ಹಚ್ಚೂ ಸಾಮಾನಿಗೆ ಒಪ್ಪಿಲ್ಲ. ಎಲ್ಲಾ ದೇಶದ ನಿಯಮ ಒಂದ ಸಮ ಇಲ್ಲ ಖರೇ, ಆದ್ರ ಸುಮ್ಮನ ಚಂದಕ್ಕ ಹಚ್ಚೂ ಬಣ್ಣಕ್ಕ ಕಣ್ಣಿನ ಜೋಡಿ ಜೂಜಾಡೂದು ಯಾಕ? ರೆಪ್ಪಿ ಚರ್ಮ ಮೈಯಾಗೆಲ್ಲಾ ಭಾಳ ತೆಳ್ಳಂದು. ಮೈಗೆ ಏನೂ ಆಗದ ಸಾಮಾನು ರೆಪ್ಪಿಗೆ ಕಡತ, ಬಾವು, ಪೊರಿ ಏಳೂದು ತರಬಹುದು.

ಇಲ್ಲೇ ಕೆಮ್ಮಣ್ಣಿನ ಬಣ್ಣ ಇನ್ನೊಮ್ಮೆ ಗೆಲ್ಲತದ ನೋಡ್ರಿ. ನಮ್ಮ ಕೆಮ್ಮಣ್ಣು, ಹುರಮಂಜು ಕೆಂಪಾಗಿರೂದು ಕಬ್ಬಿಣದ ತುಕ್ಕಿನ ಜಾತಿಯ ಪುಡಿಯಿಂದ, ಅಂದ್ರ ಐರನ್ ಆಕ್ಸೈಡ್‌ದಿಂದ. ಅದನ್ನ ಕಾರಖಾನಿಯೊಳಗ ಶುದ್ಧ ಮಾಡಿ ತಯಾರಿಸಿದ್ದು ಪಟ್ಟಿಯೊಳಗ 77491 ಅಂತ ಇರತದ. ಹಳದಿ 77492, ಕಪ್ಪು 77499. ಇವು ಮೂರೂ ಕಣ್ಣಿನ ಸುತ್ತ ಹಚ್ಚಲಿಕ್ಕೆ ಒಪ್ಪಿಗಿ ಇರೂವು. ಇವು ಕೂಡಿದ್ರ ಬರೂದು ಇಟ್ಟಂಗಿ, ಕಂದುಗೆಂಪು. ನಮ್ಮ ಚರ್ಮಕ್ಕ ಒಪ್ಪೂ ಬಣ್ಣಾನೂ ಅದೇ, ರೆಪ್ಪಿಗೆ ಸಲ್ಲೂ ಪುಡೀನೂ ಅದೇ. ಹಂಗಂತ ಅಂಗಳದ ಕೆಮ್ಮಣ್ಣು ತುಪ್ಪದಾಗ ಕಲಿಸಿ ಹಚ್ಚಲಿಕ್ಕೆ ಹೋಗಬ್ಯಾಡ್ರಿ. ಅದರಾಗ ಹರಳು, ಹೊಲಸು, ಏನೇನೋ ಇರತದ. ಕುಂಕುಮಾನೂ ಹಂಗ, ಹಣಿಗೆ ಇರಲಿ, ರೆಪ್ಪಿಗೆ ಬ್ಯಾಡ.

ಪಟ್ಟಿ ಓದೂದು ಕಷ್ಟ ಅನ್ನೂವರಿಗೆ ಸರಳ ದಾರಿ ಅಂದ್ರ, ಡಬ್ಬಿ ಮ್ಯಾಲೆ ತುಟಿ, ಗಲ್ಲ, ಕಣ್ಣು ಮೂರಕ್ಕೂ ಅಂತ ಸ್ಪಷ್ಟ ಬರದಿದ್ರ ಅಷ್ಟ ರೆಪ್ಪಿಗೆ ಹಚ್ಚ್ರಿ. ಪಟ್ಟಿ ಓದೂವರು ಒಂದು ನೆನಪಿಡ್ರಿ. ಕಡೀಕ "ಇರಬಹುದು" ಅಂತ ಒಂದು ಸಾಲಿನ್ಯಾಗ ನಂಬರ್‌ಗಳ ಮಾಲಿ ಇರತದ. ಅದು ಆ ಕಂಪನಿಯ ಆ ಸಾಲಿನ ಎಲ್ಲಾ ಬಣ್ಣಕ್ಕೂ ಸೇರಿಸಿ ಬರದದ್ದು. ನಿಮ್ಮ ಕಡ್ಡಿಯೊಳಗ 15850 ಅದ ಇಲ್ಲ ಅನ್ನೂದು ಅದರಿಂದ ತಿಳಿಯಂಗಿಲ್ಲ, ಅದಕ್ಕ ಅದ ಅಂತನ ಹಿಡೀರಿ. ಆಗ ತುಟಿ ಗಲ್ಲ ಎರಡಕ್ಕ ಹಚ್ಚಿ, ರೆಪ್ಪಿಗೆ ಬರೇ ಕಾಡಿಗಿ ಇಟ್ಟುಬಿಡ್ರಿ. ಮುಖದ ಕಳೆ ಮುಕ್ಕಾಲು ಪಾಲು ಬರೂದು ಗಲ್ಲದಿಂದ, ರೆಪ್ಪಿ ಬಿಟ್ಟ್ರ ಭಾಳ ನಷ್ಟ ಇಲ್ಲ. ಇನ್ನೊಂದು ನಂಬರ್, 75470. ಅದರ ಹೆಸರು ಕಾರ್ಮೈನ್, ಕಳ್ಳಿ ಮ್ಯಾಲೆ ಬೆಳಿಯೂ ಒಂದು ಸಣ್ಣ ಹುಳದಿಂದ ತಗಿಯೂ ಕೆಂಪು. ಕಣ್ಣಿಗೆ ಒಪ್ಪಿಗಿ ಅದ, ಆದ್ರ ಸೋಮವಾರ ಶನಿವಾರ ಉಪವಾಸ ಮಾಡೂವರು, ಮಡಿ ನೋಡೂವರು ತುಟಿಗೆ ಹಚ್ಚೂಕಿಂತ ಮೊದಲ ಇದನ್ನ ತಿಳಕೊಂಡಿರೂದು ಬರೋಬ್ಬರಿ.

ಈ ಕಡ್ಡೀಲೆ ಆಗದ ಕೆಲಸಾನೂ ಹೇಳಬೇಕಲ್ಲ. ಕಣ್ಣಿನ ಕೆಳಗಿನ ಕಪ್ಪನ್ನ ಇದು ಮುಚ್ಚಂಗಿಲ್ಲ. ಗಲ್ಲದ ಮ್ಯಾಲೆ ಬಂಗು ಇದ್ದವರು ಅದರ ಮ್ಯಾಲೇನ ಹಚ್ಚಿದ್ರ ಬಂಗು ಇನ್ನೂ ಗಾಢ ಕಾಣತದ. ಕಲಿ ಇಲ್ಲದ ಜಾಗಾ ನೋಡಿ, ಕಿವಿ ಕಡೆ ಸರಿಸಿ ಹಚ್ಚ್ರಿ. ಮೊಡವಿ ಏಳೂ ಮುಖದವರಿಗೆ ಲಿಪ್‌ಸ್ಟಿಕ್‌ನ ಮೇಣ ಎಣ್ಣಿ ಗಲ್ಲದ ಮ್ಯಾಲೆ ಸಣ್ಣ ಗುಳ್ಳಿ ತರಬಹುದು. ನಾಲ್ಕೈದು ಸಲ ಹಚ್ಚಿದಮ್ಯಾಲೆ ಬಣ್ಣ ಹಚ್ಚೂ ಜಾಗಾದಾಗ ಅಷ್ಟ ಗುಳ್ಳಿ ಬಂದ್ರ, ತುಟಿಗೆ ಇಟ್ಟುಕೊಂಡು ಗಲ್ಲಕ್ಕ ಬಿಟ್ಟುಬಿಡ್ರಿ. ಹೊಸಾ ಕಡ್ಡಿ ಯಾವುದ ಇರಲಿ, ಮೊದಲ ಮೊಣಕೈ ಮಡಿಕಿಯೊಳಗ ಹಚ್ಚಿ ಎರಡು ದಿನ ನೋಡ್ರಿ. ಮತ್ತ ಒಂದ ಕಡ್ಡಿ ಅತ್ತಿ, ಸೊಸಿ, ನೆಗೆಣ್ಣಿ ಎಲ್ಲಾರೂ ಹಚ್ಚಿಕೊಳ್ಳೂದು ಬಿಡಬೇಕು. ತುಟಿ ಹುಣ್ಣು, ಕಣ್ಣು ಬ್ಯಾನಿ ಹಂಗ ದಾಟತಾವ. ಕಣ್ಣು ಬ್ಯಾನಿ ಬಂದಾಗ ಹಚ್ಚಿದ ಕಡ್ಡಿ ತಿಪ್ಪಿಗೆ. ಹಳೇ ಎಣ್ಣಿ ವಾಸನಿ ಬಂದ್ರೂ ತಿಪ್ಪಿಗೆ.

"ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ್ರಿ" ಅನ್ನೂವರಿಗೆ ನಾ ಉತ್ತರ ಕೊಡಂಗಿಲ್ಲ. ಹಚ್ಚೂದು ಬಿಡೂದು ಅವರವರ ಖುಷಿ. ಆದ್ರ "ನಿನ್ನ ಬಣ್ಣಕ್ಕ ಒಪ್ಪಂಗಿಲ್ಲ" ಅಂತ ಇನ್ನೊಬ್ಬಾಕಿಗೆ ಹೇಳೂವರಿಗೆ ಮಾತ್ರ ಉತ್ತರ ಅದ. ಆಕಿ ಕೈಯಾಗಿನ ಕಡ್ಡಿ ಇಸಗೊಂಡು ಮಣಿಕಟ್ಟಿಗೆ ತಿಕ್ಕಿ, ಬಾಗಲದಾಗ ನಿಂತು ನೋಡ್ರಿ. ಬೂದಿ ಕಂಡ್ರ ಕಡ್ಡಿಗೆ ಬೈರಿ, ಹುಡಿಗಿಗಲ್ಲ. ಮುಂದಿನ ಸಲ ಮನಿ ಹೆಣ್ಣಮಕ್ಕಳಿಗೆ ಉಡಿಯೊಳಗ ಕಣದ ಜೋಡಿ ಒಂದು ಲಿಪ್‌ಸ್ಟಿಕ್ ಇಡೂ ಮನಸಾದ್ರ, ಇಟ್ಟಂಗಿ ಬಣ್ಣದ್ದ ಹುಡಕಿ ಇಡ್ರಿ.